ಬಯೋಮೆಟ್ರಿಕ್ ಹಾಜರಾತಿ: ತಡ ಹಾಜರಿಯ ರಿಯಾಯಿತಿ ಅವಧಿ ಮತ್ತು ಸಕ್ರಮಗೊಳಿಸುವ ಕ್ರಮ

ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ಸಿಬ್ಬಂದಿಯ ಹಾಜರಾತಿಯನ್ನು ಬಯೋಮೆಟ್ರಿಕ್ ಯಂತ್ರದ ಮೂಲಕ ದಾಖಲಿಸಲಾಗುತ್ತಿದ್ದು, ತಿಂಗಳ ವೇತನ ಈ ದಾಖಲೆಯನ್ನು ಅವಲಂಬಿಸಿರುತ್ತದೆ. ಯಂತ್ರ ನೀಡುವ ಪಟ್ಟಿಯನ್ನು ಹಾಗೆಯೇ ಒಪ್ಪಿದರೆ ಕೆಲಸ ಮಾಡಿದ ನೌಕರನ ವೇತನ ಕಡಿತಗೊಳ್ಳಬಹುದು. ಪಟ್ಟಿಯನ್ನು ಮನಬಂದಂತೆ ತಿದ್ದಿದರೆ ಕೆಲಸಕ್ಕೆ ಬಾರದವನಿಗೂ ಪಂಚಾಯತಿ ನಿಧಿಯಿಂದ ಹಣ ಸಂದಾಯವಾಗಬಹುದು. ಇವೆರಡನ್ನೂ ತಡೆಯಲು ಇರುವ ವ್ಯವಸ್ಥೆಯೇ ರಿಯಾಯಿತಿ ಅವಧಿ ಹಾಗೂ ಸಕ್ರಮಗೊಳಿಸುವ ಆದೇಶ. ಇವು ಹೇಗೆ ನಡೆಯುತ್ತವೆ, ಸದಸ್ಯರು ಸಭೆಯಲ್ಲಿ ಹಾಜರಾತಿ ಪಟ್ಟಿಯನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಯಂತ್ರ ದಾಖಲಿಸುವುದು ಏನು?

ಯಂತ್ರ ದಾಖಲಿಸುವುದು ಎರಡೇ ಸಂಗತಿಗಳನ್ನು: ಬೆರಳು ಅಥವಾ ಮುಖ ಯಾರದು, ಅದನ್ನು ಗುರುತಿಸಿದ ವೇಳೆ ಯಾವುದು. ನೌಕರನು ತಡವಾಗಿ ಬಂದನೇ, ಅನ್ಯ ಕರ್ತವ್ಯದ ಮೇಲೆ ಹೋಗಿದ್ದನೇ, ರಜೆಯಲ್ಲಿದ್ದನೇ ಎಂಬುದು ಯಂತ್ರಕ್ಕೆ ತಿಳಿಯದು. ತಡ, ಅರ್ಧ ದಿನ, ಗೈರು ಎಂಬ ಗುರುತುಗಳೆಲ್ಲ ತಂತ್ರಾಂಶವು ಕಚೇರಿ ವೇಳೆಯೊಂದಿಗೆ ಹೋಲಿಸಿ ತಾನಾಗಿ ಹಾಕುವ ಲೆಕ್ಕ. ಆದ್ದರಿಂದ ಯಂತ್ರದ ಪಟ್ಟಿಯನ್ನು ವಿಚಾರಣೆಯ ಆರಂಭವೆಂದು ತಿಳಿಯಬೇಕು, ತೀರ್ಮಾನವೆಂದು ತಿಳಿಯಬಾರದು.

ಯಂತ್ರಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯಲ್ಲಿ ಬೆರಳಚ್ಚಿನ ಮಾದರಿ ಯಂತ್ರದೊಳಗೇ ಇರುತ್ತದೆ. ಇದಕ್ಕೆ ವಿದ್ಯುತ್ ಸಾಕು, ಅಂತರ್ಜಾಲ ಬೇಕಿಲ್ಲ, ಆದರೆ ಅದರ ಗಡಿಯಾರ ಮುಂದೆ ಅಥವಾ ಹಿಂದೆ ಸರಿಯುವ ಸಾಧ್ಯತೆ ಇರುತ್ತದೆ. ಇನ್ನೊಂದು ಬಗೆ ಆಧಾರ್ ಆಧಾರಿತ ಹಾಜರಾತಿ. ಇದರಲ್ಲಿ ಬೆರಳಚ್ಚು ಅಂತರ್ಜಾಲದ ಮೂಲಕ ದೂರದ ದತ್ತಾಂಶ ಕೇಂದ್ರದಲ್ಲಿ ತಾಳೆಯಾಗಬೇಕಾದ್ದರಿಂದ ಸಂಪರ್ಕ ಕಡಿತವಾದರೆ ಹಾಜರಿಯೇ ದಾಖಲಾಗದು. ತಮ್ಮ ಕಚೇರಿಯಲ್ಲಿ ಇರುವುದು ಯಾವ ಬಗೆ ಎಂಬುದನ್ನು ಸದಸ್ಯರು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. "ನೆಟ್‌ವರ್ಕ್ ಇರಲಿಲ್ಲ" ಎಂಬ ಕಾರಣ ಮೊದಲ ಬಗೆಯ ಯಂತ್ರಕ್ಕೆ ಸಲ್ಲದು, ಎರಡನೆಯದಕ್ಕೆ ಸಲ್ಲುತ್ತದೆ.

2. ರಿಯಾಯಿತಿ ಅವಧಿಯ ಅರ್ಥ

ಸರ್ಕಾರಿ ಕಚೇರಿಗಳ ಸಾಮಾನ್ಯ ವೇಳೆ ಬೆಳಿಗ್ಗೆ 10.00ರಿಂದ ಸಂಜೆ 5.30ರವರೆಗೆ. ಬಸ್ ಸ್ವಲ್ಪ ತಡವಾದುದಕ್ಕೂ ಯಂತ್ರದ ಮುಂದೆ ಸರದಿ ನಿಂತುದಕ್ಕೂ ನೌಕರನಿಗೆ ತಡದ ಗುರುತು ಬೀಳಬಾರದೆಂದು, 10.00ರ ನಂತರದ ಕೆಲವು ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯದಿರುವುದೇ ರಿಯಾಯಿತಿ ಅವಧಿ. ಎಷ್ಟು ನಿಮಿಷ ಎಂಬುದು ಆಯಾ ಕಚೇರಿಗೆ ಅನ್ವಯಿಸುವ ಆದೇಶದಲ್ಲಿ ಇರುತ್ತದೆ, ತಂತ್ರಾಂಶದಲ್ಲೂ ಅದೇ ಸಂಖ್ಯೆಯನ್ನು ನಮೂದಿಸಿರಬೇಕು. ಆದೇಶದಲ್ಲಿ ಒಂದು ಸಂಖ್ಯೆ, ತಂತ್ರಾಂಶದಲ್ಲಿ ಇನ್ನೊಂದು ಇದ್ದರೆ ಪಟ್ಟಿಯಲ್ಲಿ ಪ್ರತಿದಿನವೂ ತಪ್ಪು ಗುರುತುಗಳು ಬೀಳುತ್ತವೆ. ಈ ಲೇಖನದ ಉದಾಹರಣೆಗಳಲ್ಲಿ 10 ನಿಮಿಷ ಎಂದು ಇಟ್ಟುಕೊಳ್ಳಲಾಗಿದೆ.

ರಿಯಾಯಿತಿ ಅವಧಿಯಿಂದ ಕಚೇರಿ ಆರಂಭದ ವೇಳೆ 10.10ಕ್ಕೆ ಬದಲಾಗುವುದಿಲ್ಲ. 10.08ಕ್ಕೆ ಬಂದವರಿಗೆ ತಡದ ಗುರುತು ಬೀಳದು, ಆದರೆ ತಿಂಗಳಿನ ಎಲ್ಲ ದಿನಗಳಲ್ಲೂ 10.08ಕ್ಕೇ ಬರುವವರಿಗೆ ಮೇಲಧಿಕಾರಿಯು ತಿಳಿವಳಿಕೆ ನೀಡಬಹುದು. ಹಾಗೆಯೇ 10.11ಕ್ಕೆ ಬಂದವರ ತಡವನ್ನು ಒಂದು ನಿಮಿಷವೆಂದು ಎಣಿಸುವಂತಿಲ್ಲ. ರಿಯಾಯಿತಿ ಮೀರಿದ ಕೂಡಲೇ ತಡದ ಎಣಿಕೆ 10.00ರಿಂದಲೇ ಆರಂಭವಾಗುತ್ತದೆ, ಅಂದರೆ ಅದು 11 ನಿಮಿಷ. ಬೆಳಿಗ್ಗೆ ಬಳಸದೆ ಉಳಿದ ರಿಯಾಯಿತಿಯನ್ನು ಸಂಜೆಗೆ ವರ್ಗಾಯಿಸಿ 5.20ಕ್ಕೆ ಹೊರಡಲೂ ಅವಕಾಶವಿಲ್ಲ. ಅವಧಿಗೆ ಮುಂಚೆ ಹೊರಡುವುದನ್ನು ತಡವಾಗಿ ಬಂದಷ್ಟೇ ಗಂಭೀರವಾಗಿ ಪರಿಗಣಿಸಲಾಗುತ್ತದೆ.

ರಿಯಾಯಿತಿ ಮೀರಿದರೆ ಮುಂದೇನು ಎಂಬುದಕ್ಕೆ ಕೇಂದ್ರ ಸರ್ಕಾರಿ ನೌಕರರಿಗೆ ಅನ್ವಯಿಸುವ ಸೂಚನೆಗಳು ಒಂದು ಸ್ಪಷ್ಟ ಮಾದರಿ. ಅದರಂತೆ ತಡವಾದ ಪ್ರತಿ ದಿನಕ್ಕೆ ಅರ್ಧ ದಿನದ ಸಾಂದರ್ಭಿಕ ರಜೆಯನ್ನು ಖರ್ಚು ಹಾಕಲಾಗುತ್ತದೆ. ಆದರೆ ತಡ ಒಂದು ಗಂಟೆಯನ್ನು ಮೀರದೆ, ಕಾರಣ ಒಪ್ಪತಕ್ಕದ್ದಾಗಿದ್ದಲ್ಲಿ, ತಿಂಗಳಿಗೆ ಎರಡು ಸಲಕ್ಕೆ ಮೀರದಂತೆ ಸಕ್ಷಮ ಅಧಿಕಾರಿಯು ಅದನ್ನು ಮನ್ನಿಸಬಹುದು. ಗ್ರಾಮ ಪಂಚಾಯತಿ ಸಿಬ್ಬಂದಿಗೆ ಅನ್ವಯಿಸುವುದು ರಾಜ್ಯ ಸರ್ಕಾರದ ಹಾಗೂ ಜಿಲ್ಲಾ ಪಂಚಾಯತಿಯ ಚಾಲ್ತಿ ಆದೇಶವೇ ಆದರೂ, ಲೆಕ್ಕದ ಕ್ರಮ ಅರ್ಥವಾಗಲೆಂದು ಮುಂದಿನ ಉದಾಹರಣೆಯಲ್ಲಿ ಈ ಮಾದರಿಯನ್ನೇ ಬಳಸಲಾಗಿದೆ.

3. ಮನ್ನಿಸುವುದು ಬೇರೆ, ಸಕ್ರಮಗೊಳಿಸುವುದು ಬೇರೆ

ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ನೌಕರನು ನಿಜಕ್ಕೂ ತಡವಾಗಿ ಬಂದಿದ್ದು, ಕಾರಣ ಒಪ್ಪತಕ್ಕದ್ದೆಂದು ಅಧಿಕಾರಿಗೆ ತೋರಿದರೆ ಮಾಡುವುದು ಮನ್ನಣೆ. ಇದಕ್ಕೆ ತಿಂಗಳಿಗೆ ಇಷ್ಟೇ ಸಲ ಎಂಬ ಮಿತಿ ಇರುತ್ತದೆ. ನೌಕರನು ಕರ್ತವ್ಯದಲ್ಲಿಯೇ ಇದ್ದು ಯಂತ್ರದಲ್ಲಿ ಮಾತ್ರ ಅದು ದಾಖಲಾಗದಿದ್ದರೆ ಮಾಡುವುದು ಸಕ್ರಮ. ಇದಕ್ಕೆ ಸಂಖ್ಯೆಯ ಮಿತಿ ಇರಲಾರದು, ಆದರೆ ಪ್ರತಿಯೊಂದಕ್ಕೂ ಪುರಾವೆ ಬೇಕು. ಕರ ವಸೂಲಿಗೆ ಹಳ್ಳಿಗೆ ಹೋದವನ ದಿನವನ್ನು ಮನ್ನಣೆಯ ಲೆಕ್ಕಕ್ಕೆ ಸೇರಿಸಿದರೆ ಅವನಿಗೆ ಅನ್ಯಾಯ. ಮನೆಯಿಂದ ತಡವಾಗಿ ಹೊರಟವನ ದಿನವನ್ನು ಅನ್ಯ ಕರ್ತವ್ಯ ಎಂದು ಬರೆದರೆ ಪಂಚಾಯತಿಗೆ ನಷ್ಟ.

ಸಕ್ರಮಕ್ಕೆ ಬರುವ ಪ್ರಕರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಅನ್ಯ ಕರ್ತವ್ಯ. ಬ್ಯಾಂಕಿಗೆ ಹಣ ಕಟ್ಟುವುದು, ತಾಲ್ಲೂಕು ಪಂಚಾಯತಿಯ ಸಭೆ, ಕಾಮಗಾರಿ ಸ್ಥಳ ಪರಿಶೀಲನೆ ಮೊದಲಾದವು ಇದರಲ್ಲಿ ಸೇರುತ್ತವೆ. ಹೊರಡುವ ಮುನ್ನವೇ ಚಲನವಲನ ವಹಿಯಲ್ಲಿ ಸ್ಥಳ, ಉದ್ದೇಶ ಮತ್ತು ವೇಳೆಯನ್ನು ಬರೆದಿರಬೇಕು. ಜೊತೆಗೆ ಆ ಕೆಲಸದಿಂದಲೇ ಹುಟ್ಟಿದ ಒಂದು ಕಾಗದ ಇರಬೇಕು: ಚಲನ್, ಸಭೆಯ ಹಾಜರಿ ಪ್ರತಿ ಅಥವಾ ಆ ದಿನಾಂಕದ ರಸೀದಿ.

ಎರಡನೆಯದು ಯಂತ್ರದ ದೋಷ. ಇದನ್ನು ಗುರುತಿಸಲು ಸುಲಭವಾದ ಒಂದು ಪರೀಕ್ಷೆ ಇದೆ. ಯಂತ್ರ ಕೆಟ್ಟಿದ್ದರೆ ಅದರ ಪರಿಣಾಮ ಒಬ್ಬರಿಗೆ ಮಾತ್ರ ತಟ್ಟುವುದಿಲ್ಲ, ಆ ವೇಳೆಯಲ್ಲಿ ಬಂದ ಎಲ್ಲರಿಗೂ ತಟ್ಟುತ್ತದೆ. ಎಲ್ಲರ ದಾಖಲೆಯೂ ಒಂದೇ ಅವಧಿಯಲ್ಲಿ ಖಾಲಿ ಇದ್ದರೆ ವಿದ್ಯುತ್ ಅಥವಾ ಸಂಪರ್ಕದ ತೊಂದರೆ ಎಂದೂ, ಎಲ್ಲರೂ ಒಂದೇ ಅಳತೆಯಷ್ಟು ತಡವಾಗಿ ಕಂಡರೆ ಗಡಿಯಾರದ ದೋಷ ಎಂದೂ ತಿಳಿಯಬೇಕು. ಒಬ್ಬನ ದಾಖಲೆ ಮಾತ್ರ ಇಲ್ಲದೆ ಉಳಿದವರ ದಾಖಲೆ ಸರಿಯಾಗಿದ್ದಲ್ಲಿ ಯಂತ್ರದ ದೋಷ ಎಂಬ ಕಾರಣವನ್ನು ಒಪ್ಪುವ ಮುನ್ನ ಹೆಚ್ಚಿನ ವಿವರ ಕೇಳತಕ್ಕದ್ದು.

ಮೂರನೆಯದು ಬೆರಳಚ್ಚು ಗುರುತಾಗದಿರುವುದು. ಇದು ಒಬ್ಬ ನೌಕರನಿಗೆ ಮಾತ್ರ ತಟ್ಟುವಂಥದ್ದು, ಆದರೂ ನಿಜವಾದ ದೋಷ. ಚರಂಡಿ ಸ್ವಚ್ಛಗೊಳಿಸುವವರು, ಬ್ಲೀಚಿಂಗ್ ಪುಡಿ ಮುಟ್ಟುವವರು, ವಾಲ್ವ್ ತಿರುಗಿಸುವ ನೀರಗಂಟಿಗಳು ಇವರ ಬೆರಳ ರೇಖೆಗಳು ಸವೆದಿರುತ್ತವೆ. ವಯಸ್ಸಾದವರಲ್ಲೂ ಹಾಗೆಯೇ. ಇಂಥ ನೌಕರನಿಗೆ ಪ್ರತಿದಿನ ಅರ್ಜಿ ಬರೆಸುವುದು ಪರಿಹಾರವಲ್ಲ. ಬೇರೆ ಬೆರಳುಗಳನ್ನು ಪರೀಕ್ಷಿಸಿ ಸ್ಪಷ್ಟವಾದುದನ್ನು ನೋಂದಾಯಿಸಬೇಕು, ಅದೂ ಆಗದಿದ್ದರೆ ಸೌಲಭ್ಯವಿರುವಲ್ಲಿ ಮುಖ ಗುರುತಿಸುವಿಕೆಯನ್ನು ಬಳಸಬೇಕು. ಅಲ್ಲಿಯವರೆಗೆ ಹಾಜರಾತಿ ವಹಿಯಲ್ಲಿ ಸಹಿ ಪಡೆಯಲು ದಿನಾಂಕದ ಮಿತಿಯೊಂದಿಗೆ ಲಿಖಿತ ಅನುಮತಿ ನೀಡಬೇಕು. ಮಿತಿಯಿಲ್ಲದ ಅನುಮತಿ ಕ್ರಮೇಣ ಯಂತ್ರವನ್ನೇ ಕೈಬಿಡಲು ದಾರಿಯಾಗುತ್ತದೆ.

4. ಅನುಮೋದಿಸುವವರು ಯಾರು?

ಗ್ರಾಮ ಪಂಚಾಯತಿಯ ಸಿಬ್ಬಂದಿಯ ಪ್ರಕರಣಗಳು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಮುಂದೆ ಬರುತ್ತವೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಸ್ವಂತ ಹಾಜರಾತಿಯ ಪ್ರಕರಣ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಹೋಗಬೇಕು. ತನ್ನ ತಡವನ್ನು ತಾನೇ ಸಕ್ರಮಗೊಳಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ತಂತ್ರಾಂಶದ ಗುಪ್ತಪದ ಡಾಟಾ ಎಂಟ್ರಿ ಆಪರೇಟರ್ ಅವರ ಕೈಯಲ್ಲಿದ್ದರೂ, ನಮೂದು ಮಾಡುವವರು ಅನುಮೋದಿಸುವವರಾಗುವುದಿಲ್ಲ. ಸಹಿಯಾದ ಆದೇಶವಿಲ್ಲದೆ ನಮೂದು ಮಾಡತಕ್ಕದ್ದಲ್ಲ.

ಎರಡು ಗ್ರಾಮ ಪಂಚಾಯತಿಗಳ ಪ್ರಭಾರದಲ್ಲಿರುವ ಅಧಿಕಾರಿಯವರ ವಿಷಯದಲ್ಲಿ ವಾರದ ಯಾವ ದಿನ ಯಾವ ಕಚೇರಿ ಎಂಬುದು ಮೊದಲೇ ಲಿಖಿತವಾಗಿ ನಿಗದಿಯಾಗಿರಬೇಕು. ನಿಗದಿಯಿಲ್ಲದಿದ್ದರೆ ಒಂದು ಕಚೇರಿಯ ಪಟ್ಟಿಯಲ್ಲಿ ಅವರು ಸದಾ ಗೈರಾಗಿ ಕಾಣುತ್ತಾರೆ. ಅಷ್ಟೇ ಅಲ್ಲ, ಅವರು ನಿಜಕ್ಕೂ ಎರಡೂ ಕಡೆ ಇಲ್ಲದ ದಿನವನ್ನು ಪತ್ತೆ ಹಚ್ಚಲೂ ಆಗದು.

ಆದೇಶ ಎಂದರೆ ಉದ್ದನೆಯ ಕಡತವಾಗಬೇಕಿಲ್ಲ. ದಿನಾಂಕ, ಯಂತ್ರದಲ್ಲಿ ದಾಖಲಾದ ವೇಳೆ, ಕಾರಣ, ನೋಡಿದ ಪುರಾವೆ, ಒಪ್ಪಿದೆ ಅಥವಾ ಒಪ್ಪಿಲ್ಲ ಎಂಬ ತೀರ್ಮಾನ, ಅಧಿಕಾರಿಯ ಸಹಿ ಮತ್ತು ಸಹಿ ಮಾಡಿದ ದಿನಾಂಕ ಇಷ್ಟಿದ್ದರೆ ಸಾಕು. ಒಪ್ಪದಿದ್ದಾಗಲೂ ಕಾರಣ ಬರೆಯಬೇಕು, ಇಲ್ಲದಿದ್ದರೆ ನೌಕರನಿಗೆ ಮೇಲಿನ ಅಧಿಕಾರಿಯವರಲ್ಲಿ ಮನವಿ ಸಲ್ಲಿಸಲು ಆಧಾರವೇ ಇರುವುದಿಲ್ಲ. ಯಂತ್ರದ ಮೂಲ ದಾಖಲೆಯನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸುವಂತಿಲ್ಲ. 10.41 ಎಂಬುದು 10.41 ಆಗಿಯೇ ಉಳಿದು, ಪಕ್ಕದ ಅಂಕಣದಲ್ಲಿ ಆದೇಶದ ವಿವರ ಬರಬೇಕು.

ಅರ್ಜಿಯನ್ನು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯಲ್ಲಿ ಪಡೆಯುವುದು ಸೂಕ್ತ. ತಿಂಗಳ ಕೊನೆಯಲ್ಲಿ ಕುಳಿತು ಬರೆದ ಕಾರಣಗಳನ್ನು ಯಾರೂ ಪರಿಶೀಲಿಸಲಾರರು. ವೇತನದ ಬಿಲ್ಲಿನ ಹಿಂದಿನ ದಿನ ಇಪ್ಪತ್ತು ಪ್ರಕರಣಗಳಿಗೆ ಒಂದೇ ಶಾಯಿಯಲ್ಲಿ ಸಹಿಯಾಗಿದ್ದರೆ, ಪರಿಶೀಲನೆ ನಡೆದಿಲ್ಲವೆಂಬುದಕ್ಕೆ ಅದೇ ಸೂಚನೆ.

5. ಒಂದು ತಿಂಗಳ ಉದಾಹರಣೆ

ಒಂದು ಕಲ್ಪಿತ ಗ್ರಾಮ ಪಂಚಾಯತಿಯ ಕರ ವಸೂಲಿಗಾರರ ಒಂದು ತಿಂಗಳ ಪಟ್ಟಿಯನ್ನು ನೋಡೋಣ. ಕೆಲಸದ ದಿನಗಳು 24. ಯಂತ್ರ ಮೊದಲ ಬಗೆಯದು, ಅಂದರೆ ಅಂತರ್ಜಾಲ ಬೇಡದ್ದು. 15 ದಿನ ಅವರು 10.10ರೊಳಗೆ ಬಂದಿದ್ದಾರೆ. ಇವುಗಳ ಬಗ್ಗೆ ಪ್ರಶ್ನೆಯಿಲ್ಲ. 6 ದಿನಗಳಿಗೆ ತಡದ ಗುರುತು, 3 ದಿನಗಳಿಗೆ ಗೈರು ಗುರುತು ಬಿದ್ದಿದೆ. ಯಂತ್ರದ ಲೆಕ್ಕವನ್ನೇ ಒಪ್ಪಿದರೆ 6 ಅರ್ಧ ದಿನಗಳು ಸೇರಿ 3 ದಿನ, ಗೈರಿನ 3 ದಿನ, ಒಟ್ಟು 6 ದಿನಗಳು ರಜೆ ಅಥವಾ ವೇತನದಿಂದ ಹೋಗುತ್ತವೆ. ಈಗ ಒಂದೊಂದಾಗಿ ಪರಿಶೀಲಿಸಬೇಕು.

ಗೈರಿನ ಮೂರು ದಿನಗಳಲ್ಲಿ 10 ಮತ್ತು 11ನೇ ತಾರೀಖು ಕರ ವಸೂಲಿ ಶಿಬಿರದ ದಿನಗಳು. 9ರ ಸಂಜೆಯೇ ಚಲನವಲನ ವಹಿಯಲ್ಲಿ ನಮೂದಿದೆ, ಆ ಎರಡು ದಿನಾಂಕಗಳ ರಸೀದಿಗಳೂ ಇವೆ. ಎರಡೂ ದಿನ ಅನ್ಯ ಕರ್ತವ್ಯವೆಂದು ಸಕ್ರಮ. 27ನೇ ತಾರೀಖಿಗೂ ಶಿಬಿರವೆಂದು ಕಾರಣ ಬರೆಯಲಾಗಿದೆ, ಆದರೆ ವಹಿಯಲ್ಲಿ ನಮೂದಿಲ್ಲ, ಆ ದಿನಾಂಕದ ಒಂದು ರಸೀದಿಯೂ ಇಲ್ಲ. ಕಾರಣವನ್ನು ಒಪ್ಪದೆ ಒಂದು ದಿನದ ಸಾಂದರ್ಭಿಕ ರಜೆ ಖರ್ಚು.

12ರಂದು ಹಾಜರಿ 11.52. ಹಿಂದಿನ ಎರಡು ದಿನ ವಸೂಲಾದ ಹಣವನ್ನು ಬ್ಯಾಂಕಿಗೆ ಕಟ್ಟಲು ನೇರವಾಗಿ ಹೋಗುವುದಾಗಿ ವಹಿಯಲ್ಲಿ ಬರೆಯಲಾಗಿದ್ದು, ಚಲನ್ ಮೇಲೆ ಬ್ಯಾಂಕಿನ ಅದೇ ದಿನದ ಮುದ್ರೆ ಇದೆ. ಇದು ತಡವೇ ಅಲ್ಲ, ಸಕ್ರಮ.

17ರಂದು ಬೆಳಗಿನ ದಾಖಲೆಯಿಲ್ಲ, ಸಂಜೆ 5.34ರ ದಾಖಲೆ ಮಾತ್ರ ಇದೆ. ಬೆಳಿಗ್ಗೆ 9.40ರಿಂದ 11.30ರವರೆಗೆ ವಿದ್ಯುತ್ ಇರಲಿಲ್ಲ, ಯಂತ್ರದ ಬ್ಯಾಟರಿಯೂ ಖಾಲಿಯಾಗಿತ್ತು. ಆ ಅವಧಿಯಲ್ಲಿ ಯಾವ ನೌಕರನ ದಾಖಲೆಯೂ ಇಲ್ಲ, ಹಾಜರಾತಿ ವಹಿಯಲ್ಲಿ ಎಲ್ಲರ ಸಹಿ ಇದೆ. ಇದಕ್ಕೆ ಪ್ರತಿಯೊಬ್ಬರಿಂದ ಅರ್ಜಿ ಬೇಕಿಲ್ಲ, ಎಲ್ಲರನ್ನೂ ಒಳಗೊಂಡ ಒಂದೇ ಆದೇಶ ಸಾಕು.

20ರಂದು ಹಾಜರಿ 10.18. ಆ ದಿನ ಎಲ್ಲ ನೌಕರರೂ ತಮ್ಮ ಎಂದಿನ ವೇಳೆಗಿಂತ ತಡವಾಗಿ ಕಂಡಿದ್ದಾರೆ. ಮಧ್ಯಾಹ್ನ ಪರಿಶೀಲಿಸಿದಾಗ ಯಂತ್ರದ ಗಡಿಯಾರ 12 ನಿಮಿಷ ಮುಂದಿರುವುದು ತಿಳಿದು, ಅದನ್ನು ಸರಿಪಡಿಸಿ ಟಿಪ್ಪಣಿ ಬರೆಯಲಾಗಿದೆ. ನಿಜವಾದ ವೇಳೆ 10.06, ರಿಯಾಯಿತಿಯ ಒಳಗೆ. ಸಕ್ರಮ.

ಉಳಿದವು 4ರ 10.26, 9ರ 10.41 ಮತ್ತು 25ರ 10.33. ಮೂರೂ ನಿಜವಾದ ತಡಗಳೇ. 4ರಂದು ಬಸ್ ಬರಲಿಲ್ಲ, 9ರಂದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಎರಡಕ್ಕೂ ಮರುದಿನದೊಳಗೆ ಅರ್ಜಿ ಬಂದಿದೆ, ತಡ ಒಂದು ಗಂಟೆ ಮೀರಿಲ್ಲ. ಎರಡನ್ನೂ ಮನ್ನಿಸಲಾಯಿತು. 25ರ ಕಾರಣವೂ ಒಪ್ಪತಕ್ಕದ್ದೇ ಇರಬಹುದು, ಆದರೆ ತಿಂಗಳ ಮಿತಿ ಮುಗಿದಿದೆ. ಆದ್ದರಿಂದ ಅರ್ಧ ದಿನದ ಸಾಂದರ್ಭಿಕ ರಜೆ ಖರ್ಚು.

ಅಂತಿಮ ಲೆಕ್ಕ ಒಂದೂವರೆ ದಿನದ ರಜೆ. ರಜೆ ಬಾಕಿಯಿದ್ದರೆ ವೇತನದಲ್ಲಿ ಕಡಿತವಿಲ್ಲ. ಯಂತ್ರ ತೋರಿಸಿದ 6 ದಿನಗಳಿಗೂ ಇದಕ್ಕೂ ನಡುವಿನ ನಾಲ್ಕೂವರೆ ದಿನಗಳಲ್ಲಿ ಮೂರೂವರೆ ದಿನಗಳನ್ನು ಉಳಿಸಿದ್ದು ವಹಿ, ಚಲನ್, ರಸೀದಿ ಮತ್ತು ಟಿಪ್ಪಣಿಗಳು. ಉಳಿದ ಒಂದು ದಿನ ಮನ್ನಣೆಯಿಂದ ಬಂದದ್ದು. ಅದೇ ವಹಿ, ಅದೇ ರಸೀದಿ ಪುಸ್ತಕ 27ರ ಸುಳ್ಳು ಶಿಬಿರವನ್ನೂ ತಡೆದಿವೆ.

6. ನೀರಗಂಟಿಯ ಪ್ರಕರಣ

ಬೆಳಿಗ್ಗೆ 5.30ಕ್ಕೆ ಪಂಪ್ ಚಾಲೂ ಮಾಡಿ, ವಾರ್ಡುಗಳಿಗೆ ನೀರು ಬಿಟ್ಟು, 9.30ರ ವೇಳೆಗೆ ಮನೆಗೆ ಹೋಗಿ ಊಟ ಮಾಡಿ, 11.00ಕ್ಕೆ ಕಚೇರಿಗೆ ಬರುವ ನೀರಗಂಟಿಗೆ 10.00ರ ಕಚೇರಿ ವೇಳೆಯನ್ನು ಅನ್ವಯಿಸಿದರೆ ತಿಂಗಳಿನ ಪ್ರತಿದಿನವೂ ಆತ ತಡ. ಇಲ್ಲಿ ದಿನಕ್ಕೊಂದು ಸಕ್ರಮ ಆದೇಶ ಹೊರಡಿಸುವುದು ಅರ್ಥವಿಲ್ಲದ ಕೆಲಸ. ಒಂದೇ ವಿನಾಯಿತಿ ಪ್ರತಿದಿನ ಬೇಕಾಗುತ್ತಿದ್ದರೆ ಬದಲಾಗಬೇಕಾದದ್ದು ನಿಗದಿಪಡಿಸಿದ ವೇಳೆ. ಆತನ ಕೆಲಸದ ಸ್ಥಳ ಮತ್ತು ವೇಳೆಯನ್ನು ಲಿಖಿತ ಆದೇಶದಲ್ಲಿ ಪ್ರತ್ಯೇಕವಾಗಿ ನಿಗದಿಪಡಿಸಿ, ತಂತ್ರಾಂಶದಲ್ಲೂ ಆ ವೇಳಾಪಟ್ಟಿಯನ್ನೇ ಅಳವಡಿಸಲು ತಾಲ್ಲೂಕು ಪಂಚಾಯತಿಯನ್ನು ಕೋರಬೇಕು. ಪಂಪ್‌ಹೌಸಿನಲ್ಲಿ ನೀರು ಬಿಟ್ಟ ವೇಳೆಯ ವಹಿ ಇರಬೇಕು. ಯಾವ ವಾರ್ಡಿಗೆ ಎಷ್ಟು ಗಂಟೆಗೆ ನೀರು ಬಂತು ಎಂಬುದು ಆ ವಾರ್ಡಿನ ಸದಸ್ಯರಿಗೆ ನೇರವಾಗಿ ತಿಳಿದಿರುತ್ತದೆ. ಈ ವಹಿಯನ್ನು ತಾಳೆ ನೋಡುವಲ್ಲಿ ಅವರ ಮಾತಿಗೆ ಯಂತ್ರಕ್ಕಿಂತ ಹೆಚ್ಚಿನ ಬೆಲೆ ಇದೆ.

7. ಸದಸ್ಯರ ಪಾತ್ರ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 62ರಂತೆ ಸಿಬ್ಬಂದಿಯ ಕಾರ್ಯಗಳ ಮೇಲ್ವಿಚಾರಣೆ ಅಧ್ಯಕ್ಷರಿಗೆ ಸೇರಿದೆ. ಆದರೆ ದಿನದಿನದ ಹಾಜರಾತಿ ಪ್ರಕರಣಗಳಿಗೆ ಸದಸ್ಯರು ಅನುಮೋದನೆ ನೀಡುವುದಾಗಲಿ, ಯಾರದೋ ಗುರುತನ್ನು ತೆಗೆಯುವಂತೆ ಅಥವಾ ಹಾಕುವಂತೆ ಬಾಯಿಮಾತಿನಲ್ಲಿ ಸೂಚಿಸುವುದಾಗಲಿ ಸರಿಯಲ್ಲ. ಸದಸ್ಯರೊಬ್ಬರು ತಮ್ಮ ವಾರ್ಡಿನ ಕೆಲಸಕ್ಕೆ ನೌಕರನನ್ನು ಕರೆದೊಯ್ದಿದ್ದರೂ ಅದು ಚಲನವಲನ ವಹಿಯಲ್ಲಿ ಬರಬೇಕು. ಇಲ್ಲದಿದ್ದರೆ ಸದಸ್ಯರ ಮಾತು ನಂಬಿ ಹೋದ ನೌಕರನೇ ಗೈರಾಗುತ್ತಾನೆ.

ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಬಹುದಾದ ಪ್ರಶ್ನೆಗಳು ನಾಲ್ಕು. ಕಳೆದ ತಿಂಗಳು ಸಕ್ರಮವಾದವು ಎಷ್ಟು, ಮನ್ನಿಸಿದವು ಎಷ್ಟು, ತಿರಸ್ಕೃತವಾದವು ಎಷ್ಟು? ಆದೇಶಗಳ ದಿನಾಂಕಗಳು ತಿಂಗಳುದ್ದಕ್ಕೂ ಹರಡಿವೆಯೇ, ಕೊನೆಯ ಒಂದೇ ದಿನಕ್ಕೆ ಸೇರಿವೆಯೇ? ಒಬ್ಬನೇ ನೌಕರನಿಗೆ ಒಂದೇ ಕಾರಣ ತಿಂಗಳುಗಟ್ಟಲೆ ಮರುಕಳಿಸುತ್ತಿದೆಯೇ? ವೇತನ ಕಡಿತವಾದವರಿಗೆ ಅದಕ್ಕೆ ಮೊದಲು ವಿವರಣೆ ನೀಡಲು ಅವಕಾಶ ಕೊಡಲಾಗಿತ್ತೇ?

ಇವುಗಳಿಗೆ ಉತ್ತರ ಪಡೆಯಲು ಸಂಖ್ಯೆಗಳು ಮತ್ತು ದಿನಾಂಕಗಳು ಸಾಕು. ನೌಕರನ ಕಾಯಿಲೆ ಅಥವಾ ಮನೆಯ ಕಷ್ಟವನ್ನು ಸಭೆಯಲ್ಲಿ ಓದಿಸುವುದು ಬೇಕಿಲ್ಲ. ಆಧಾರ್ ಸಂಖ್ಯೆಯಿರುವ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಅಂಟಿಸತಕ್ಕದ್ದಲ್ಲ. ಚಲನವಲನ ವಹಿ, ಹಾಜರಾತಿ ವಹಿ ಮತ್ತು ಸಕ್ರಮ ಆದೇಶಗಳ ಕಡತ ಇವು ಮೂರನ್ನು ಪ್ರತಿ ತಿಂಗಳು ವೇತನದ ಬಿಲ್ಲಿಗೆ ಮೊದಲು ಯಂತ್ರದ ಪಟ್ಟಿಯೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದಲ್ಲಿ ಬಿಲ್ಲು ಸಿದ್ಧಪಡಿಸುವ ಮುನ್ನವೇ ಇತ್ಯರ್ಥಪಡಿಸತಕ್ಕದ್ದು.